ಬಿಲ್ಲಿನ ಕೆಳಗಿನ ಆ ಒಂದು ಸಾಲು

ಕೇಳುಗರಿಗೆ ನಮಸ್ಕಾರ.

ಶಿರಸಿಯ ಗೃಹಿಣಿಯೊಬ್ಬರು ಹುಬ್ಬಳ್ಳಿಯ ಅಂಗಡಿಯಲ್ಲಿ 6,800 ರೂಪಾಯಿ ಕೊಟ್ಟು ಮಿಕ್ಸರ್ ತಂದರು ಎಂದಿಟ್ಟುಕೊಳ್ಳೋಣ. ಒಂಬತ್ತನೆಯ ದಿನ ದೋಸೆಗೆ ನೆನೆಸಿದ ಉದ್ದು ಹಾಕಿ ತಿರುಗಿಸಿದರೆ ಮೋಟಾರಿನಿಂದ ಸುಟ್ಟ ವಾಸನೆ ಬಂದು ಯಂತ್ರ ನಿಂತುಹೋಯಿತು. ಅಂಗಡಿಯವರು ಬಿಲ್ಲಿನ ಅಡಿಯಲ್ಲಿ ಅಚ್ಚಾಗಿದ್ದ ಸಾಲನ್ನು ಬೆರಳಿಟ್ಟು ತೋರಿಸಿದರು: ‘ಒಮ್ಮೆ ಮಾರಿದ ವಸ್ತುವನ್ನು ಹಿಂದಕ್ಕೆ ಪಡೆಯುವುದಿಲ್ಲ.’

ಬಹಳ ಮಂದಿ ಸೋತು ಹಿಂತಿರುಗುವುದು ಇಲ್ಲಿಯೇ. ಆದರೆ ದೋಷವಿರುವ ವಸ್ತುವಿನ ಮಟ್ಟಿಗೆ ಆ ಸಾಲು ನಿಲ್ಲುವುದಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳಿರದಿದ್ದರೆ 30 ದಿನಗಳೊಳಗೆ, ದೋಷಯುಕ್ತ ವಸ್ತುವನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ.

ಆದ್ದರಿಂದ ಈಕೆ ಆ 30 ದಿನ ಕಳೆಯುವ ಮೊದಲೇ ಬರವಣಿಗೆಯಲ್ಲಿ ಹಣ ಕೇಳಬೇಕು. ಕೊಂಡ ದಿನ, ಬಿಲ್ಲಿನ ಸಂಖ್ಯೆ, ಯಂತ್ರ ಕೆಟ್ಟ ದಿನ, ಬೇಡುವ ಮೊತ್ತ, ಉತ್ತರಕ್ಕೆ ಕೊಡುವ ಗಡುವು ಇಷ್ಟನ್ನು ಬರೆದು ಅಂಗಡಿಗೂ ತಯಾರಕ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಜೋಪಾನ ಮಾಡಬೇಕು. ಅಂಗಡಿಯ ಕಟ್ಟೆಯ ಮೇಲೆ ನಡೆದ ವಾಗ್ವಾದಕ್ಕೆ ಸಾಕ್ಷಿಯಿಲ್ಲ. ಈ ಪತ್ರವೇ ಸಾಕ್ಷಿ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ಅವರು ಕಂಪನಿಯೊಡನೆ ಮಾತನಾಡಿಯಾರು, ಆದರೆ ಅವರಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ.

ಉತ್ತರ ಬಾರದಿದ್ದರೆ ದೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಅಂಗಡಿ ಹುಬ್ಬಳ್ಳಿಯಲ್ಲಿದ್ದರೂ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಅದನ್ನು ಸಲ್ಲಿಸಬಹುದಾದ್ದರಿಂದ ಈಕೆಯ ದೂರನ್ನು ಕಾರವಾರದ ಆಯೋಗ ಕೇಳುತ್ತದೆ. ಘಟ್ಟ ಇಳಿಯಲಾಗದವರು ಅಂತರ್ಜಾಲದ ಮೂಲಕವೂ ಸಲ್ಲಿಸಬಹುದು. ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ, ಕಾಲಮಿತಿ ಎರಡು ವರ್ಷ. ದೂರಿನೊಡನೆ ಅಫಿಡವಿಟ್, ಬಿಲ್ಲು, ವಾರಂಟಿ ಕಾರ್ಡು, ಪತ್ರದ ಪ್ರತಿ ಮತ್ತು ಅಂಚೆ ರಸೀದಿ ಇರಲಿ. ಅಂಗಡಿಯನ್ನೂ ತಯಾರಕರನ್ನೂ ಎದುರುದಾರರನ್ನಾಗಿ ಹೆಸರಿಸುವುದು ಒಳ್ಳೆಯದು. ಇಲ್ಲವಾದರೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನೋಟೀಸು ತಲುಪಿದ ಮೇಲೆ ಅವರು 30 ದಿನಗಳಲ್ಲಿ ಉತ್ತರಿಸಬೇಕು. ಆಯೋಗ ಒಪ್ಪಿದರೆ ಇನ್ನು 15 ದಿನ ಮಾತ್ರ ಸಿಗುತ್ತದೆ.

ಅವರ ಉತ್ತರ ಸಾಮಾನ್ಯವಾಗಿ ಒಂದೇ: ‘ಬಳಸಿದವರೇ ಕೆಡಿಸಿದ್ದಾರೆ.’ ಪರೀಕ್ಷೆಯಿಲ್ಲದೆ ದೋಷ ತಿಳಿಯದಿದ್ದರೆ ಆಯೋಗವು ವಸ್ತುವನ್ನು ಮುದ್ರೆಯೊತ್ತಿ ಪ್ರಯೋಗಾಲಯಕ್ಕೆ ಕಳುಹಿಸುತ್ತದೆ, ಅದರ ಶುಲ್ಕವನ್ನು ಮೊದಲು ದೂರುದಾರರಿಂದ ಕಟ್ಟಿಸಿಕೊಳ್ಳಬಹುದು. ಅಷ್ಟರಲ್ಲಿ ಪಕ್ಕದ ರಿಪೇರಿಯವರು ಸ್ಕ್ರೂ ಬಿಚ್ಚಿ ಮೋಟಾರು ನೋಡಿದ್ದರೆ, ದೋಷ ಮೊದಲಿನದೋ ಆಮೇಲಿನದೋ ಎಂದು ಹೇಳುವುದು ಕಷ್ಟ. ಹಾಗಾಗಿ ಆ ಮಿಕ್ಸರನ್ನು ಯಾರಿಂದಲೂ ಬಿಚ್ಚಿಸದೆ, ಕೆಟ್ಟ ಸ್ಥಿತಿಯಲ್ಲೇ, ತಂದ ಪೆಟ್ಟಿಗೆಯಲ್ಲಿ ತೆಗೆದಿಡಿ.