ಮುಕ್ಕಾಲು ಗಂಟೆ ಈಜಿದರೆ ಕರಗುವ ಕ್ಯಾಲರಿ ಎಷ್ಟು?

ಕೇಳುಗರಿಗೆ ನಮಸ್ಕಾರ.

ಈಜುಕೊಳದಲ್ಲಿ ಮುಕ್ಕಾಲು ಗಂಟೆ ಕಳೆದು, ಟವೆಲ್ ಸುತ್ತಿಕೊಂಡು ಮೊಬೈಲಿನ ಲೆಕ್ಕಾಚಾರ ನೋಡಿದರೆ ನಾನೂರು ಚಿಲ್ಲರೆ ಕ್ಯಾಲರಿ ಖರ್ಚಾಯಿತು ಎಂದು ತೋರಿಸುತ್ತದೆ. ಆ ಅಂಕಿ ಬಹಳ ಸಲ ನಿಜವಾದ ಖರ್ಚಿನ ಎರಡರಷ್ಟಿರುತ್ತದೆ. ತಪ್ಪು ಎಲ್ಲಿ ನುಸುಳುತ್ತದೆ, ಲೆಕ್ಕವನ್ನು ನಾವೇ ಹೇಗೆ ಹಾಕಿಕೊಳ್ಳಬಹುದು ಎಂಬುದನ್ನು ಈ ಹೊತ್ತು ನೋಡೋಣ. ಒಂದು ಪೆನ್ಸಿಲು, ಒಂದು ಚೀಟಿ ಹತ್ತಿರ ಇಟ್ಟುಕೊಂಡರೆ ಒಳ್ಳೆಯದು.

ಈ ಲೆಕ್ಕದ ಬುನಾದಿ ‘ಮೆಟ್’ ಎಂಬ ಅಳತೆ. ಸುಮ್ಮನೆ ಕುಳಿತಾಗ ದೇಹಕ್ಕೆ ಬೇಕಾಗುವ ಶಕ್ತಿಯನ್ನು ಒಂದು ಮೆಟ್ ಎಂದು ಹಿಡಿಯುತ್ತಾರೆ. ಒಂದು ಕೆಲಸ 8 ಮೆಟ್ ಅಂದರೆ ಕುಳಿತಿದ್ದಾಗಿನ ಎಂಟರಷ್ಟು ಖರ್ಚು. ಒಂದು ಮೆಟ್ ಅಂದರೆ ಒಂದು ಕಿಲೋ ತೂಕಕ್ಕೆ ಒಂದು ಗಂಟೆಗೆ ಸುಮಾರು ಒಂದು ಕಿಲೋಕ್ಯಾಲರಿ. ಮಾತಿನಲ್ಲಿ ನಾವು ಬರೀ ಕ್ಯಾಲರಿ ಅನ್ನುವುದು ಈ ಕಿಲೋಕ್ಯಾಲರಿಯನ್ನೇ. ಹಾಗಾಗಿ ಸೂತ್ರ ಬಲು ಸರಳ: ಮೆಟ್ ಅಂಕಿಯನ್ನು ನಿಮ್ಮ ತೂಕದಿಂದ ಗುಣಿಸಿ, ಅರವತ್ತರಿಂದ ಭಾಗಿಸಿ. ಒಂದು ನಿಮಿಷದ ಖರ್ಚು ಸಿಕ್ಕಿತು. ಅದನ್ನು ನಿಮಿಷಗಳಿಂದ ಗುಣಿಸಿದರೆ ಮುಗಿಯಿತು. ಕೆಲವು ಕಡೆ 3.5ರಿಂದ ಗುಣಿಸಿ 200ರಿಂದ ಭಾಗಿಸುವ ಇನ್ನೊಂದು ಸೂತ್ರ ಕಾಣುತ್ತದೆ. ಅದರ ಉತ್ತರ ನೂರಕ್ಕೆ ಐದರಷ್ಟು ಹೆಚ್ಚು ಬರುತ್ತದೆ, ಅಷ್ಟೇ. ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಿ, ಎರಡನ್ನೂ ಬೆರೆಸಬೇಡಿ.

ಇನ್ನು ಒಂದೊಂದು ಬಗೆಯ ಈಜಿನ ಅಂಕಿ. ಸಂಶೋಧಕರು ನೂರಾರು ಚಟುವಟಿಕೆಗಳ ಮೆಟ್ ಅಂಕಿಗಳನ್ನು ಒಟ್ಟುಮಾಡಿದ ಪಟ್ಟಿಯೊಂದು 1993ರಿಂದ ಇದೆ. ಅದರ 2011ರ ಆವೃತ್ತಿಯ ಅಂಕಿಗಳನ್ನು ಹೇಳುತ್ತೇನೆ. ನಿಧಾನದ ಫ್ರೀಸ್ಟೈಲ್‌ಗೆ 5.8. ಮಧ್ಯಮ ವೇಗದ ಫ್ರೀಸ್ಟೈಲ್‌ಗೆ 8.3. ಜೋರು ವೇಗಕ್ಕೆ 10. ಪಟ್ಟಿಯಲ್ಲಿ ಮಧ್ಯಮ ಮತ್ತು ಜೋರು ಅಂದರೆ ಎಷ್ಟು ಎಂಬುದು ಗಜದ ಲೆಕ್ಕದಲ್ಲಿದೆ. ನಮ್ಮ ಅಳತೆಗೆ ತಂದರೆ, 25 ಮೀಟರ್ ಕೊಳದ ಒಂದು ತುದಿಯಿಂದ ಇನ್ನೊಂದು ತುದಿಗೆ 33 ಸೆಕೆಂಡಿನಲ್ಲಿ ಮುಟ್ಟಿದರೆ ಮಧ್ಯಮ, 22 ಸೆಕೆಂಡಿನಲ್ಲಿ ಮುಟ್ಟಿದರೆ ಜೋರು. 33ಕ್ಕಿಂತ ತುಂಬ ಹೆಚ್ಚು ಹಿಡಿದರೆ ನಿಧಾನದ ಅಂಕಿಯನ್ನೇ ತೆಗೆದುಕೊಳ್ಳಬೇಕು.

ಬ್ರೆಸ್ಟ್‌ಸ್ಟ್ರೋಕ್ ಮತ್ತು ಬ್ಯಾಕ್‌ಸ್ಟ್ರೋಕ್‌ನಲ್ಲಿ ಹೆಚ್ಚಿನವರು ಎಡವುತ್ತಾರೆ. ಎರಡಕ್ಕೂ ಪಟ್ಟಿಯಲ್ಲಿ ಎರಡೆರಡು ಅಂಕಿಗಳಿವೆ. ಬ್ರೆಸ್ಟ್‌ಸ್ಟ್ರೋಕ್‌ಗೆ ತರಬೇತಿ ಅಥವಾ ಸ್ಪರ್ಧೆಯ ಮಟ್ಟದಲ್ಲಿ 10.3, ಹವ್ಯಾಸಕ್ಕೆ ಈಜುವಾಗ 5.3. ಬ್ಯಾಕ್‌ಸ್ಟ್ರೋಕ್‌ಗೆ 9.5 ಮತ್ತು 4.8. ಅಂದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ ವ್ಯತ್ಯಾಸ. ತಲೆಯನ್ನು ನೀರಿನ ಮೇಲೇ ಇಟ್ಟುಕೊಂಡು, ಪಕ್ಕದವರ ಜೊತೆ ಮಾತಾಡುತ್ತ ಬ್ರೆಸ್ಟ್‌ಸ್ಟ್ರೋಕ್ ಹೊಡೆಯುವವರಿಗೆ 10.3 ಖಂಡಿತ ಸಲ್ಲುವುದಿಲ್ಲ. ಮಾತು ಬರುತ್ತಿದೆ ಅಂದರೆ ಅದು 5.3. ಬಟರ್‌ಫ್ಲೈಗೆ 13.8 ಇದೆ, ಎಲ್ಲಕ್ಕಿಂತ ಹೆಚ್ಚು. ಆದರೆ ಅದನ್ನು ಎರಡು ನಿಮಿಷಕ್ಕಿಂತ ಹೆಚ್ಚು ಎಳೆಯಬಲ್ಲವರು ಕಡಿಮೆ. 70 ಕಿಲೋ ತೂಕದವರಿಗೆ ಎರಡು ನಿಮಿಷದ ಬಟರ್‌ಫ್ಲೈ ಅಂದರೆ ಬರೀ 32 ಕಿಲೋಕ್ಯಾಲರಿ.

ಸ್ಟ್ರೋಕಿನ ಅಂಕಿಗಿಂತಲೂ ಲೆಕ್ಕವನ್ನು ಹೆಚ್ಚು ಕೆಡಿಸುವುದು ಸಮಯ. ಮೆಟ್ ಅಂಕಿ ಕೈಕಾಲು ಆಡುತ್ತಿರುವ ಹೊತ್ತಿಗೆ ಮಾತ್ರ. ಬ್ಯಾಚು ಮುಕ್ಕಾಲು ಗಂಟೆಯದಾದರೂ ಗೋಡೆ ಹಿಡಿದು ಉಸಿರು ತಿರುಗಿಸಿಕೊಳ್ಳುವುದು, ಕನ್ನಡಕ ಸರಿಮಾಡಿಕೊಳ್ಳುವುದು, ಮುಂದಿನವರು ಹೊರಡಲಿ ಎಂದು ಕಾಯುವುದು, ಇವೆಲ್ಲ ಅದರೊಳಗೇ ಸೇರಿವೆ. ಈಜಿದ ಹೊತ್ತನ್ನು ಹಿಡಿಯಲು ಸುಲಭದ ದಾರಿ ಹೀಗಿದೆ. ಎಷ್ಟು ಸಲ ಈ ತುದಿಯಿಂದ ಆ ತುದಿಗೆ ಹೋದಿರಿ ಎಂದು ಎಣಿಸಿ. ನಡುವೆ ಒಂದು ಸಲ, ಕೊನೆಯ ಹೊತ್ತಿಗೆ ಒಂದು ಸಲ, ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡಿ ಒಂದು ಉದ್ದಕ್ಕೆ ಎಷ್ಟು ಹಿಡಿಯಿತು ಎಂದು ಅಳೆದು, ಅವೆರಡರ ಸರಾಸರಿ ತೆಗೆಯಿರಿ. ಮೊದಲ ಉದ್ದವನ್ನು ಅಳೆಯಬೇಡಿ. ಆಗ ಮೈ ಹಗುರ, ತೋಳಲ್ಲಿ ಕಸುವು ಇರುತ್ತದೆ. 28 ಸೆಕೆಂಡಿಗೆ ಮುಟ್ಟಿದವರು ಹತ್ತನೆಯ ಉದ್ದಕ್ಕೆ 35ಕ್ಕೆ ಇಳಿದಿರುತ್ತಾರೆ.

ಒಂದು ಉದಾಹರಣೆ ಹಾಕೋಣ. 70 ಕಿಲೋ ತೂಕದ ಒಬ್ಬರು, 25 ಮೀಟರ್ ಕೊಳ, 45 ನಿಮಿಷದ ಬ್ಯಾಚು. ಫ್ರೀಸ್ಟೈಲ್ 24 ಉದ್ದ, ತಲಾ 33 ಸೆಕೆಂಡ್, ಒಟ್ಟು 13.2 ನಿಮಿಷ. ಹವ್ಯಾಸದ ಬ್ರೆಸ್ಟ್‌ಸ್ಟ್ರೋಕ್ 12 ಉದ್ದ, ತಲಾ 45 ಸೆಕೆಂಡ್, 9 ನಿಮಿಷ. ನಿಧಾನದ ಬ್ಯಾಕ್‌ಸ್ಟ್ರೋಕ್ 4 ಉದ್ದ, 3 ನಿಮಿಷ. ಸಾವಿರ ಮೀಟರ್ ಆಯಿತು. ಆದರೆ ಈಜಿದ್ದು 25 ನಿಮಿಷ ಚಿಲ್ಲರೆ. ಉಳಿದ ಸುಮಾರು 20 ನಿಮಿಷ ಗೋಡೆಯ ಬಳಿ.

ಈಗ ಗುಣಾಕಾರ. ಫ್ರೀಸ್ಟೈಲ್‌ಗೆ 8.3ರಂತೆ 128 ಕಿಲೋಕ್ಯಾಲರಿ. ಬ್ರೆಸ್ಟ್‌ಸ್ಟ್ರೋಕ್‌ಗೆ 5.3ರಂತೆ 56. ಬ್ಯಾಕ್‌ಸ್ಟ್ರೋಕ್‌ಗೆ 4.8ರಂತೆ 17. ಗೋಡೆ ಹಿಡಿದು ನಿಂತ ಹೊತ್ತಿಗೆ 2 ಮೆಟ್ ಎಂದು ಅಂದಾಜಿಗೆ ಇಟ್ಟುಕೊಂಡರೆ ಇನ್ನೊಂದು 46. ಎಲ್ಲ ಸೇರಿ 247. ಇಡೀ 45 ನಿಮಿಷಕ್ಕೂ 8.3 ಹಾಕಿಬಿಟ್ಟಿದ್ದರೆ 436 ಬರುತ್ತಿತ್ತು. ಮೊಬೈಲು ತೋರಿಸುವ ನಾನೂರು ಚಿಲ್ಲರೆ ಹೆಚ್ಚಾಗಿ ಹುಟ್ಟುವುದು ಹೀಗೆ.

ಇಲ್ಲೂ ಒಂದು ಕಳೆಯುವ ಲೆಕ್ಕ ಬಾಕಿಯಿದೆ. ಆ 45 ನಿಮಿಷ ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರೂ ದೇಹ 53 ಕಿಲೋಕ್ಯಾಲರಿ ಖರ್ಚು ಮಾಡುತ್ತಿತ್ತು. ಅದು ಈಜಿನ ಫಲವಲ್ಲ. 247ರಿಂದ ಅದನ್ನು ಕಳೆದರೆ 194. ದಿನದ ಊಟದ ಲೆಕ್ಕದೊಂದಿಗೆ ಹೊಂದಿಸುವುದಾದರೆ ಬಳಸಬೇಕಾದ್ದು ಈ 194 ಮಾತ್ರ. ದಿನದ ಮೂಲ ಖರ್ಚಿನಲ್ಲಿ ಕುಳಿತ ಹೊತ್ತು ಮೊದಲೇ ಸೇರಿರುವುದರಿಂದ, ಪೂರ್ತಿ ಮೊತ್ತ ಸೇರಿಸಿದರೆ ಅದನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಎಣಿಕೆಯ ಬಗ್ಗೆಯೂ ಒಂದು ಎಚ್ಚರಿಕೆ. ಒಂದು ಲ್ಯಾಪ್ ಅಂದರೆ ಕೆಲವರಿಗೆ ಹೋಗುವುದು ಮಾತ್ರ, ಕೆಲವರಿಗೆ ಹೋಗಿ ಬರುವುದು. ಅದಕ್ಕೇ ಈವರೆಗೆ ‘ಉದ್ದ’ ಎಂದೇ ಹೇಳುತ್ತ ಬಂದೆ. ನಿಮ್ಮ ಕೊಳ 25 ಮೀಟರೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಅಪಾರ್ಟ್‌ಮೆಂಟಿನ ಕೊಳಗಳು ಎಷ್ಟೋ ಸಲ ಗಿಡ್ಡ ಇರುತ್ತವೆ. 15 ಮೀಟರ್ ಕೊಳವನ್ನು 25 ಎಂದುಕೊಂಡರೆ ನಿಧಾನದ ಈಜೂ ಜೋರಿನ ಸಾಲಿಗೆ ಸೇರಿಬಿಡುತ್ತದೆ.

ಇಷ್ಟು ಜಾಗರೂಕತೆಯಿಂದ ಹಾಕಿದರೂ ಇದು ಅಂದಾಜೇ. ಕಾರಣ ನೀರಿನಲ್ಲೇ ಇದೆ. ಓಡುವಾಗ ತೂಕವನ್ನು ನಾವೇ ಹೊರಬೇಕು. ಈಜುವಾಗ ನೀರು ಹೊರುತ್ತದೆ. ನಾವು ತಳ್ಳಬೇಕಾದ್ದು ನೀರಿನ ತಡೆಯನ್ನು. ಆದ್ದರಿಂದ ತೂಕ ಇಮ್ಮಡಿಯಾದರೆ ಖರ್ಚೂ ಇಮ್ಮಡಿ ಎಂಬ ಸೂತ್ರದ ನಂಬಿಕೆ ನೀರಿನಲ್ಲಿ ಅಷ್ಟು ಸರಿಯಾಗಿ ಕೂರುವುದಿಲ್ಲ. ತೂಕ ಹೆಚ್ಚಿರುವವರಿಗೆ ಬಂದ ಉತ್ತರವನ್ನು ತುಸು ಕಡಿಮೆ ಎಂದೇ ಓದಿಕೊಳ್ಳುವುದು ಕ್ಷೇಮ.

ಕಲಿಕೆಯ ಮಟ್ಟ ಇನ್ನೂ ದೊಡ್ಡ ವ್ಯತ್ಯಾಸ ತರುತ್ತದೆ. ಹೊಸಬರ ಕಾಲುಗಳು ಕೆಳಗೆ ಜೋತುಬಿದ್ದು ಬ್ರೇಕಿನಂತೆ ಎಳೆಯುತ್ತವೆ. ನುರಿತವರು ಮೈಯನ್ನು ಮಟ್ಟಸವಾಗಿ ಇಟ್ಟುಕೊಂಡು ಅದೇ ವೇಗವನ್ನು ಕಡಿಮೆ ಶ್ರಮದಲ್ಲಿ ಸಾಧಿಸುತ್ತಾರೆ. ಹೊಸಬರು 25 ಮೀಟರಿಗೆ 45 ಸೆಕೆಂಡ್ ತೆಗೆದುಕೊಂಡು, ಗೋಡೆ ಮುಟ್ಟಿದಾಗ ಒಂದು ವಾಕ್ಯ ಆಡಲೂ ಉಸಿರು ಸಾಲದಷ್ಟು ಏದುಸಿರು ಬಿಡುತ್ತಿದ್ದರೆ, ಗಡಿಯಾರ 5.8 ಎಂದರೂ ಮೈ 8ರ ಆಸುಪಾಸಿನ ಕೆಲಸ ಮಾಡಿರಬಹುದು. ಅಂಥ ಹೊತ್ತಿನಲ್ಲಿ ಗಡಿಯಾರಕ್ಕಿಂತ ಉಸಿರನ್ನು ನಂಬಿ. ತಿಂಗಳು ಕಳೆದು, ಅದೇ 45 ಸೆಕೆಂಡಿನ ಉದ್ದದ ಕೊನೆಯಲ್ಲಿ ಮಾತು ಸಲೀಸಾಗಿ ಬರತೊಡಗಿದರೆ 5.8ಕ್ಕೆ ಇಳಿಸಿ ಲೆಕ್ಕ ಹಾಕಿ.

ನಮಸ್ಕಾರ.