ಬರಿಗಾಲಿನ ಬೌಲರ್

ಕೇಳುಗರಿಗೆ ನಮಸ್ಕಾರ. ಇವತ್ತು ಒಂದು ಪುಟ್ಟ ಕಥೆ ಹೇಳುತ್ತೇನೆ.

ಹಾಸನದ ಪೆನ್ಷನ್ ಮೊಹಲ್ಲಾದ ಒಂದು ಅಡ್ಡರಸ್ತೆ. ಹಾಲಿನ ಕ್ರೇಟೇ ವಿಕೆಟ್ಟು. ಆ ಹುಡುಗ ಬರಿಗಾಲಲ್ಲಿ ಓಡಿಬಂದು ಟೆನಿಸ್ ಬಾಲ್ ಹಾಕಿದರೆ, ಬ್ಯಾಟು ಕೆಳಗಿಳಿಯುವಷ್ಟರಲ್ಲಿ ಕ್ರೇಟು ಉರುಳುತ್ತಿತ್ತು. ಯಾರ್ಕರ್ ಅವನಿಗೆ ಒಲಿದದ್ದು ಅಲ್ಲೇ. ಟೆನಿಸ್ ಬಾಲ್ ಜಾಸ್ತಿ ಪುಟಿಯುತ್ತದೆ, ಅಲ್ವಾ? ಪುಟಿದರೆ ಯಾರು ಬೇಕಾದರೂ ಎತ್ತಿ ಬಾರಿಸುತ್ತಾರೆ. ಅದಕ್ಕೇ ಸೀದಾ ಕಾಲಬುಡಕ್ಕೆ ಹಾಕುವುದನ್ನು ಕಲಿತಿದ್ದ.

ಒಂದು ಸಂಜೆ ಆ ದಾರಿಯಲ್ಲಿ ಬಂದ ಕೋಚ್ ಒಬ್ಬರು ಸ್ಕೂಟರ್ ನಿಲ್ಲಿಸಿ ನೋಡಿದರು. "ಲೋ ಮಗಾ, ಬೆಳಿಗ್ಗೆ ನೆಟ್ಸ್‌ಗೆ ಬಾ" ಅಂದರು.

ನೆಟ್ಸ್‌ನಲ್ಲಿ ಕೊಟ್ಟದ್ದು ಲೆದರ್ ಬಾಲ್. ಟೆನಿಸ್ ಬಾಲ್ ತೂಕ 58 ಗ್ರಾಂ ಆಸುಪಾಸು, ಇದು ಸುಮಾರು 160. ಕಾಲಿಗೆ ಯಾರದೋ ಸ್ಪೈಕ್ಸ್. ಮೊದಲನೇ ಬಾಲ್ ಅರ್ಧ ಪಿಚ್‌ನಲ್ಲೇ ಬಿತ್ತು. ಎರಡನೆಯದು ಲೆಗ್ ಸೈಡಿಗೆ ಹೋಯಿತು. ಮೂರನೆಯದು ನೋಬಾಲ್, ನಾಲ್ಕನೆಯದೂ ನೋಬಾಲ್. ಹುಡುಗನ ಮುಖ ಇಳಿದುಹೋಯಿತು.

ಕೋಚ್ ಬೈಯಲಿಲ್ಲ. ಅವರ ಕಣ್ಣು ಹುಡುಗನ ಹೆಜ್ಜೆಯ ಮೇಲಿತ್ತು. ಟಾರು ರಸ್ತೆಯಲ್ಲಿ ಹಿಮ್ಮಡಿ ನೋಯುತ್ತದೆಂದು ಅವನು ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ಓಡುತ್ತಿದ್ದ. ಸ್ಪೈಕ್ಸ್ ನೆಲ ಹಿಡಿದ ಕೂಡಲೇ ಹೆಜ್ಜೆ ಉದ್ದವಾಯಿತು, ಕಾಲು ಕ್ರೀಸ್ ದಾಟಿತು. ಅವನನ್ನು ಕ್ರೀಸ್‌ನಲ್ಲಿ ನಿಲ್ಲಿಸಿ, ವಿಕೆಟ್ಟಿಗೆ ಬೆನ್ನು ಮಾಡಿ ಆಚೆಗೆ ಓಡಿ ಬೌಲ್ ಮಾಡುವಂತೆ ಹೇಳಿದರು. ಮುಂಗಾಲು ಊರಿದ ಜಾಗದಲ್ಲಿ ಸುಣ್ಣದ ಗೆರೆ ಎಳೆದರು. "ಇನ್ಮೇಲೆ ಇಲ್ಲಿಂದ ಓಡು. ಬಾಲ್ ಭಾರ ಅಂತ ಬಲ ಹಾಕಬೇಡ. ತಲೆ ವಾಲುತ್ತೆ, ಬಾಲ್ ಕೈಯಿಂದ ತಡವಾಗಿ ಬಿಡುತ್ತೆ, ಶಾರ್ಟ್ ಬೀಳುತ್ತೆ."

ಆಮೇಲೆ ವಿಕೆಟ್ಟಿನ ಮುಂದೆ ಆರೇಳು ಮೀಟರ್ ದೂರದಲ್ಲಿ ಒಂದು ಕರ್ಚೀಫು ಹಾಸಿದರು. ಬ್ಯಾಟರ್‌ಗೆ ಮುಂದೆ ಬರಲೋ ಹಿಂದೆ ಹೋಗಲೋ ಎಂದು ತಿಳಿಯದ ಜಾಗ ಅದು. ಸೀಮ್‌ನ ಮೇಲೆ ಎರಡು ಬೆರಳು, ಅಡಿಗೆ ಹೆಬ್ಬೆರಳು, ದಿನವೂ ಅದೇ ಕರ್ಚೀಫಿಗೆ ಗುರಿ. ಯಾರ್ಕರ್ ಮಾತ್ರ ಬಿಡಿಸಲಿಲ್ಲ. ಅದು ಅವರು ಮಾಡಿದ ದೊಡ್ಡ ಉಪಕಾರ ಎಂದೇ ನನ್ನ ಅನಿಸಿಕೆ. ಗಲ್ಲಿಯಲ್ಲಿ ಸಿಕ್ಕ ವಿದ್ಯೆಯನ್ನು ತಿದ್ದುವ ಭರದಲ್ಲಿ ಎಷ್ಟೋ ಜನ ಅಳಿಸಿಯೇ ಬಿಡುತ್ತಾರೆ.

ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಕಾಲೇಜು ಟೀಮಿನ ಓಪನರ್‌ಗೆ ಬೌಲ್ ಮಾಡಿಸಿದರು. ಐದು ಬಾಲ್ ಒಂದೇ ಜಾಗದಲ್ಲಿ ಬಿದ್ದವು. ಆರನೆಯದಕ್ಕೂ ಬ್ಯಾಟರ್ ಮುಂದೆ ಕಾಲಿಟ್ಟು ಕಾದ. ಬಾಲ್ ಬ್ಯಾಟಿನ ಅಡಿ ನುಗ್ಗಿ ಮಿಡಲ್ ಸ್ಟಂಪ್ ಕಿತ್ತಿತು.

"ಭಾನುವಾರ ಮೈಸೂರಲ್ಲಿ ಟ್ರಯಲ್ ಇದೆ, ನಿನ್ನ ಹೆಸರು ಕೊಡ್ತೀನಿ. ಜನನ ಪ್ರಮಾಣಪತ್ರ ಮರೀಬೇಡ" ಅಂದರು ಕೋಚ್.

"ಸಾರ್, ಎಷ್ಟು ಬಾಲ್ ಕೊಡ್ತಾರೆ?"

"ಜನ ಜಾಸ್ತಿ ಇರ್ತಾರೆ. ಒಂದು ಓವರ್ ಸಿಕ್ಕರೆ ನಿನ್ನ ಪುಣ್ಯ. ಬೇಗ ಹೋಗಿ ರನ್‌ಅಪ್ ಅಳೆದು ಗುರುತು ಹಾಕ್ಕೋ. ಬಾಲ್ ಕೈಗೆ ಬಂದಮೇಲೆ ಅಳೆಯೋಕೆ ಬಿಡಲ್ಲ."

"ಆಯ್ತು ಸಾರ್. ಅಮ್ಮಂಗೆ ಹೇಳಿ ಬರ್ತೀನಿ" ಎಂದು ಹುಡುಗ ಸ್ಪೈಕ್ಸ್ ಬಿಚ್ಚಿ, ಕೈಯಲ್ಲಿ ಹಿಡಿದು, ಮನೆ ಕಡೆ ಓಡಿದ.