ಲೈಬ್ರರಿ ಕಪಾಟಿನ ಹಳೇ ಗೈಡು

ಕೇಳುಗರೇ, ನಮಸ್ಕಾರ. ಗ್ರಾಮ ಆಡಳಿತ ಅಧಿಕಾರಿ, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವವರಲ್ಲಿ ಅನೇಕರ ಕೈಯಲ್ಲಿ ಹೊಸ ಗೈಡು ಕೊಳ್ಳುವಷ್ಟು ದುಡ್ಡಿರುವುದಿಲ್ಲ. ಮಡಿಕೇರಿಗೋ ವಿರಾಜಪೇಟೆಗೋ ಹೋಗಿ ಲೈಬ್ರರಿ ಕಪಾಟು ನೋಡಿದರೆ ಪುಸ್ತಕ ಇರುತ್ತದೆ, ಆದರೆ ಹಳೆಯದು. ಅದನ್ನು ನಂಬಬಹುದಾ? ಅರ್ಧ ನಂಬಬಹುದು. ಯಾವ ಅರ್ಧ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು.

ಪುಸ್ತಕ ಕೈಗೆ ಬಂದ ಕೂಡಲೇ ಕರ್ನಾಟಕದ ಜಿಲ್ಲೆಗಳ ಪುಟ ತೆಗೆಯಿರಿ. 30 ಎಂದಿದ್ದರೆ ಅದು 2021ಕ್ಕಿಂತ ಹಿಂದಿನದು, ವಿಜಯನಗರ ಸೇರಿ ಈಗ 31. ನಮ್ಮ ಕೊಡಗಿಗೆ ಮೂರೇ ತಾಲ್ಲೂಕು ಎಂದಿದ್ದರೂ ಹಳೆಯದೇ. ಪೊನ್ನಂಪೇಟೆ, ಕುಶಾಲನಗರ ಸೇರಿ ಈಗ ಐದು. ಭಾರತದಲ್ಲಿ 29 ರಾಜ್ಯ ಎಂದಿದ್ದರೆ ಅದು ಜಮ್ಮು ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾಗುವ ಮುಂಚಿನದು. ಕಾನೂನಿನ ಪಾಠದಲ್ಲಿ ಭಾರತೀಯ ದಂಡ ಸಂಹಿತೆ ಇನ್ನೂ ಜಾರಿಯಲ್ಲಿದೆ ಎಂದಿದ್ದರೆ ಎಚ್ಚರ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ.

ಹಾಗಂತ ಪುಸ್ತಕವನ್ನು ವಾಪಸ್ ಇಡಬೇಡಿ. ಕದಂಬರು, ಹೊಯ್ಸಳರು ಬದಲಾಗುವುದಿಲ್ಲ. ಸಂಧಿ, ಸಮಾಸ, ಶೇಕಡಾ ಲೆಕ್ಕ, ನದಿಗಳ ಹುಟ್ಟು ಕೂಡ ಅಷ್ಟೇ. ಇವುಗಳಿಗೆ ಹಳೇ ಗೈಡು ಧಾರಾಳ ಸಾಕು. ಯೋಜನೆಗಳು, ಹುದ್ದೆಯಲ್ಲಿರುವವರು, ಬಜೆಟ್, ಜಿಲ್ಲೆ ತಾಲ್ಲೂಕುಗಳ ಸಂಖ್ಯೆ ಇರುವ ಪುಟಗಳನ್ನು ಮಾತ್ರ ಬಿಟ್ಟುಬಿಡಿ. ಅವಕ್ಕೆ ಲೈಬ್ರರಿಯಲ್ಲೇ ದಿನಪತ್ರಿಕೆ ಇದೆ, ಸರ್ಕಾರ ಬಜೆಟ್ ಹೊತ್ತಿಗೆ ಹೊರತರುವ ಆರ್ಥಿಕ ಸಮೀಕ್ಷೆ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ.

ಇನ್ನು ಏನು ಓದಬೇಕು? ಅದನ್ನು ಹಳೇ ಪ್ರಶ್ನೆಪತ್ರಿಕೆಯೇ ಹೇಳುತ್ತದೆ. ಕೆಪಿಎಸ್‌ಸಿ ಜಾಲತಾಣದಲ್ಲಿ ಹಳೇ ಪತ್ರಿಕೆಗಳಿವೆ. ಒಂದನ್ನು ಇಳಿಸಿಕೊಂಡು ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಉತ್ತರ ಎಲ್ಲಿ ಸಿಕ್ಕಿತು ಅಂತ ಬರೆಯಿರಿ. ರಾಜ್ಯಪಾಲರನ್ನು ಯಾರು ನೇಮಿಸುತ್ತಾರೆ ಅನ್ನುವ ಪ್ರಶ್ನೆ ಬಂದಿದೆ ಅಂದುಕೊಳ್ಳಿ. ಮೊದಲು ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ಹುಡುಕಿ. ಸಿಕ್ಕರೆ ಪಕ್ಕದಲ್ಲಿ 'ಪಠ್ಯ' ಎಂದು ಬರೆಯಿರಿ. ಸಿಗದಿದ್ದರೆ ಗೈಡು, ಅಲ್ಲೂ ಇಲ್ಲದಿದ್ದರೆ ದಿನಪತ್ರಿಕೆ. ಮೂರು ನಾಲ್ಕು ಪ್ರಶ್ನೆಪತ್ರಿಕೆಗೆ ಹೀಗೆ ಮಾಡಿದರೆ ಯಾವ ಪುಸ್ತಕಕ್ಕೆ ಜಾಸ್ತಿ ಹೊತ್ತು ಕೊಡಬೇಕು ಅಂತ ನಿಮಗೇ ಕಾಣುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಶಾಲಾ ಪುಸ್ತಕಗಳೆಲ್ಲ ಪಿಡಿಎಫ್ ರೂಪದಲ್ಲಿವೆ. ನೆರೆಮನೆ ಮಕ್ಕಳ ಹಳೇ ಪುಸ್ತಕ ಸಿಕ್ಕರೆ ಇನ್ನೂ ಒಳ್ಳೆಯದು, ಕಣ್ಣಿಗೂ ಹಿತ.

ಕೊಡಗಿನವರಿಗೆ ಒಂದು ಮಾತು. ಜೂನ್, ಜುಲೈ ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಪಿಡಿಎಫ್‌ಗಳನ್ನು ಮೇ ತಿಂಗಳಲ್ಲೇ ಫೋನಿಗೆ ಇಳಿಸಿಕೊಳ್ಳಿ. ಮನೆಗೆ ಕೊಡದ ಪರಾಮರ್ಶನ ಪುಸ್ತಕದಿಂದ ಬೇಕಾದ್ದನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳುವ ಕೆಲಸವನ್ನೂ ಆಗಲೇ ಮುಗಿಸಿ. ಬರೆದದ್ದರ ಪಕ್ಕ ಪುಸ್ತಕ ಅಚ್ಚಾದ ವರ್ಷ ಹಾಕುವುದನ್ನು ಮರೆಯಬೇಡಿ. ನಮಸ್ಕಾರ.